ಹಳೆಯ ಪುಸ್ತಕದ ಸೂತ್ರದಲ್ಲಿ c ಏಕೆ ಕೂತಿದೆ?

ಎಡ್ವರ್ಡ್ ಪರ್ಸೆಲ್ ಬರೆದ ವಿದ್ಯುತ್ಕಾಂತತೆಯ ಪಠ್ಯಪುಸ್ತಕ 1965ರಲ್ಲಿ ಮೊದಲ ಬಾರಿ ಹೊರಬಂತು. ನೀಳವಾದ ತಂತಿಯಲ್ಲಿ ವಿದ್ಯುತ್ ಹರಿದಾಗ r ದೂರದಲ್ಲಿ ಉಂಟಾಗುವ ಕಾಂತಕ್ಷೇತ್ರ B = 2I/(cr) ಎಂದು ಅದು ಹೇಳುತ್ತದೆ. ಇಲ್ಲಿ c ಎಂದರೆ ಬೆಳಕಿನ ವೇಗ. ಕಾಲೇಜಿನಲ್ಲಿ B = μ₀I/(2πr) ಎಂದು ಕಲಿತ ವಿದ್ಯಾರ್ಥಿ ಇದನ್ನು ಕಂಡು ತಬ್ಬಿಬ್ಬಾಗುವುದು ಸಹಜ. ತಂತಿಯೊಳಗೆ ಬೆಳಕಿಗೇನು ಕೆಲಸ? ಮತ್ತೆ μ₀ ಎಲ್ಲಿ ಹೋಯಿತು?

ಎರಡೂ ಸೂತ್ರಗಳು ಸರಿಯೇ. ಮೊದಲನೆಯದು ಸೆಂಟಿಮೀಟರ್-ಗ್ರಾಂ-ಸೆಕೆಂಡ್ ಪದ್ಧತಿಯ ಗಾಸಿಯನ್ ರೂಪ, ಎರಡನೆಯದು ಎಸ್‌ಐ ರೂಪ. ಯಂತ್ರಶಾಸ್ತ್ರದಲ್ಲಾದರೆ ಸೆಂಟಿಮೀಟರನ್ನು ಮೀಟರ್ ಮಾಡಿ, ಗ್ರಾಂ ಅನ್ನು ಕಿಲೋಗ್ರಾಂ ಮಾಡಿದರೆ ಮುಗಿಯಿತು. ಸೂತ್ರ ಹಾಗೇ ಉಳಿಯುತ್ತದೆ. ವಿದ್ಯುತ್ತಿನ ವಿಷಯಕ್ಕೆ ಬಂದರೆ ಅಷ್ಟಕ್ಕೇ ಮುಗಿಯುವುದಿಲ್ಲ, ಏಕೆಂದರೆ ವಿದ್ಯುದಾವೇಶದ ವ್ಯಾಖ್ಯೆಯೇ ಬೇರೆ. ಗಾಸಿಯನ್ ಪದ್ಧತಿಯವರು ಕೂಲಂಬ್ ನಿಯಮವನ್ನು F = q₁q₂/r² ಎಂದು ಸ್ಥಿರಾಂಕವೇ ಇಲ್ಲದಂತೆ ಬರೆದು, ಆವೇಶವನ್ನು ಅದಕ್ಕೆ ತಕ್ಕಂತೆ ಅಳೆದರು. ಎಸ್‌ಐ ಅದೇ ನಿಯಮದ ಛೇದದಲ್ಲಿ 4πε₀ ಇಡುತ್ತದೆ. ಹೀಗಾಗಿ ಬದಲಾಗುವುದು ಬರೀ ಸಂಖ್ಯೆಯಲ್ಲ, q ಎಂಬ ಅಕ್ಷರ ಪ್ರತಿನಿಧಿಸುವ ರಾಶಿಯೇ.

ಪರಿವರ್ತನೆಯ ದಾರಿ ಇಲ್ಲೇ ಸಿಗುತ್ತದೆ. ಎರಡು ಕೂಲಂಬ್ ಸೂತ್ರಗಳೂ ಒಂದೇ ಬಲವನ್ನು ಕೊಡಬೇಕಾದರೆ, ಹಳೆಯ q ಇದ್ದ ಕಡೆ ಎಸ್‌ಐನ q/√(4πε₀) ಹಾಕಬೇಕು. ಆವೇಶದ ಹರಿವೇ ಕರೆಂಟ್ ಆದ್ದರಿಂದ Iಗೂ ಅದೇ ಭಾಜಕ. ಬಲವು ಆವೇಶ ಮತ್ತು ವಿದ್ಯುತ್‌ಕ್ಷೇತ್ರಗಳ ಗುಣಲಬ್ಧವಾದ್ದರಿಂದ E ಇದ್ದ ಕಡೆ √(4πε₀) E ಬರುತ್ತದೆ. B ಇದ್ದ ಕಡೆ √(4π/μ₀) B. ದೂರ, ಕಾಲ, ಬಲ, ಶಕ್ತಿ ಇವನ್ನು ಮುಟ್ಟುವ ಹಾಗಿಲ್ಲ. ಕೊನೆಗೆ c = 1/√(μ₀ε₀) ಎಂಬುದನ್ನು ನೆನಪಿಟ್ಟರೆ ಸಾಕು.

ತಂತಿಯ ಸೂತ್ರಕ್ಕೆ ಇದನ್ನು ಹಚ್ಚಿ ನೋಡೋಣ. ಬದಲಿಗಳನ್ನು ಹಾಕಿದಾಗ ಹೀಗಾಗುತ್ತದೆ:

√(4π/μ₀) B = 2I / (√(4πε₀) c r)

ಎಡಗಡೆಯ ವರ್ಗಮೂಲವನ್ನು ಬಲಕ್ಕೆ ತಂದರೆ B = (2I/4πr) × √(μ₀/ε₀)/c. ಈ ಕೊನೆಯ ಭಾಗದಲ್ಲಿ cಯ ಬೆಲೆಯನ್ನು ತುಂಬಿದರೆ ಅದು μ₀ ಆಗಿಬಿಡುತ್ತದೆ. ಉಳಿಯುವುದು B = μ₀I/(2πr). ಹಳೆಯ ಸೂತ್ರದ c ಹೊಸದರಲ್ಲಿ μ₀ದೊಳಗೆ ಸೇರಿಕೊಂಡಿದೆ, ಅಷ್ಟೆ.

ಬೀಜಗಣಿತ ಸರಿಯಾಯಿತೇ ಎಂದು ಅಂಕಿ ಹಾಕಿ ನೋಡುವುದು ಒಳ್ಳೆಯದು. ತಂತಿಯಲ್ಲಿ 10 ಆಂಪಿಯರ್, ದೂರ 5 ಸೆಂಟಿಮೀಟರ್ ಇರಲಿ. ಎಸ್‌ಐ ಸೂತ್ರ 4 × 10⁻⁵ ಟೆಸ್ಲಾ ಎನ್ನುತ್ತದೆ. ಒಂದು ಟೆಸ್ಲಾ ಎಂದರೆ 10,000 ಗಾಸ್. ಹಾಗಾಗಿ ಉತ್ತರ 0.4 ಗಾಸ್, ಹೆಚ್ಚುಕಡಿಮೆ ದಕ್ಷಿಣ ಭಾರತದಲ್ಲಿ ಭೂಮಿಯ ಕಾಂತಕ್ಷೇತ್ರ ಇರುವಷ್ಟು. ಗಾಸಿಯನ್ ಸೂತ್ರದಲ್ಲಿ ಕರೆಂಟನ್ನು ಸ್ಟಾಟ್‌ಆಂಪಿಯರ್‌ನಲ್ಲಿ ಹಾಕಬೇಕು. ಒಂದು ಆಂಪಿಯರ್ ಸುಮಾರು 3 × 10⁹ ಸ್ಟಾಟ್‌ಆಂಪಿಯರ್. ಆಗಲೂ ಬರುವುದು 0.4 ಗಾಸ್. ಇಲ್ಲಿ ನೇರವಾಗಿ 10 ಎಂದೇ ತುಂಬಿದರೆ ಉತ್ತರ 10⁻¹⁰ ಗಾಸ್‌ನ ಆಸುಪಾಸಿಗೆ ಇಳಿಯುತ್ತದೆ. ಹತ್ತು ಆಂಪಿಯರ್ ಹರಿಯುವ ತಂತಿ ಪಕ್ಕದ ದಿಕ್ಸೂಚಿಯನ್ನು ಅಲುಗಿಸುತ್ತದೆ ಎಂದು ಪ್ರಯೋಗಶಾಲೆಯಲ್ಲಿ ಕಂಡವರಿಗೆ, ಅಷ್ಟು ಸಣ್ಣ ಸಂಖ್ಯೆ ಬಂದ ಕೂಡಲೇ ತಪ್ಪು ಹೊಳೆಯಬೇಕು.

ಆದರೆ ಸಿಜಿಎಸ್ ಎಂದರೆ ಒಂದೇ ಪದ್ಧತಿಯಲ್ಲ. ಹಳೆಯ ಪುಸ್ತಕ ಯಾವುದನ್ನು ಬಳಸಿದೆ ಎಂಬುದನ್ನು ಇದೇ ತಂತಿಯ ಸೂತ್ರ ತಿಳಿಸುತ್ತದೆ. 2I/(cr) ಎಂದಿದ್ದರೆ ಗಾಸಿಯನ್. c ಇಲ್ಲದೆ ಬರೀ 2I/r ಇದ್ದರೆ ಅದು ವಿದ್ಯುತ್ಕಾಂತೀಯ ಸಿಜಿಎಸ್. ಅಲ್ಲಿ ಹತ್ತು ಆಂಪಿಯರ್‌ಗೆ ಒಂದು ಅಬ್‌ಆಂಪಿಯರ್. I/(2πcr) ಎಂದಿದ್ದರೆ ಹೆವಿಸೈಡ್-ಲೊರೆಂಟ್ಸ್ ಪದ್ಧತಿ, ಅದಕ್ಕೆ ಮೇಲಿನ ಬದಲಿಗಳು ಹೊಂದುವುದಿಲ್ಲ. ಪುಸ್ತಕದ ಹೆಸರು ನೋಡಿ ಪದ್ಧತಿಯನ್ನು ಊಹಿಸುವುದಂತೂ ಬೇಡ. ಪರ್ಸೆಲ್ ಪುಸ್ತಕವೇ 2013ರ ಮೂರನೆಯ ಆವೃತ್ತಿಯಲ್ಲಿ ಎಸ್‌ಐಗೆ ಬದಲಾಯಿತು. ಜಾಕ್ಸನ್ ಪುಸ್ತಕದ ಮೂರನೆಯ ಆವೃತ್ತಿಯಲ್ಲಿ ಮೊದಲ ಹತ್ತು ಅಧ್ಯಾಯಗಳು ಎಸ್‌ಐ, ಹನ್ನೊಂದರಿಂದ ಮುಂದೆ ಗಾಸಿಯನ್!

ಈವರೆಗೆ ಹೇಳಿದ್ದು ನಿರ್ವಾತದ ಮಾತು. ಕಾಂತವಸ್ತುಗಳ ಅಧ್ಯಾಯಕ್ಕೆ ಬಂದಾಗ Hಗೆ √(4πμ₀) H ಎಂದೂ, ಕಾಂತೀಕರಣ Mಗೆ √(μ₀/4π) M ಎಂದೂ ಬೇರೆ ಬದಲಿಗಳು ಬೇಕು. B = H + 4πM ಎಂಬ ಹಳೆಯ ಸೂತ್ರ ಆಗ B = μ₀(H + M) ಆಗುತ್ತದೆ. ಇವುಗಳ ಅನುಪಾತವಾದ ಸಸೆಪ್ಟಿಬಿಲಿಟಿಯಲ್ಲಿ ಎಚ್ಚರ ಹೆಚ್ಚು ಬೇಕು. ಎರಡೂ ಪದ್ಧತಿಗಳಲ್ಲಿ ಅದು ಏಕಮಾನವಿಲ್ಲದ ಬರೀ ಸಂಖ್ಯೆ, ಆದರೂ ಎಸ್‌ಐ ಬೆಲೆ ಹಳೆಯದರ 4π ಪಟ್ಟು. ನೀರಿಗೆ ಹಳೆಯ ಕೋಷ್ಟಕ −0.72 × 10⁻⁶ ಎಂದರೆ, ಹೊಸದು −9.05 × 10⁻⁶ ಎನ್ನುತ್ತದೆ. ಏಕಮಾನಗಳನ್ನು ತಾಳೆ ಹಾಕಿದರೆ ಈ ತಪ್ಪು ಸಿಕ್ಕಿಬೀಳುವುದಿಲ್ಲ. ಉತ್ತರ ಹನ್ನೆರಡೂವರೆ ಪಟ್ಟು ಆಚೀಚೆ ಹೋಗಿದ್ದರೆ ಮೊದಲು ಕೋಷ್ಟಕದ ತಲೆಬರಹವನ್ನೇ ನೋಡಬೇಕು.