ಮುಟ್ಟಿನ ಬಣ್ಣ, ಮುಟ್ಟಿನ ಗಡ್ಡೆ

ಮುಟ್ಟಿನ ಮೊದಲ ದಿನ ಪ್ಯಾಡ್ ಮೇಲೆ ಕಂದು ಕಲೆ ಕಂಡರೆ, ಇಲ್ಲವೇ ಕೊನೆಯ ದಿನ ಕಪ್ಪಗಿನ ಸ್ರಾವ ಹೋದರೆ, ‘ಕೆಟ್ಟ ರಕ್ತ ಹೋಗ್ತಿದೆ ಬಿಡು’ ಎನ್ನುವ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಅದು ಕೆಟ್ಟ ರಕ್ತವಲ್ಲ, ನಿಧಾನವಾಗಿ ಬಂದ ರಕ್ತ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣವು ಆಮ್ಲಜನಕದೊಡನೆ ಬೆರೆತು ಬದಲಾದಂತೆ ಕೆಂಪು ಕಂದಾಗುತ್ತದೆ, ಇನ್ನಷ್ಟು ಹೊತ್ತು ಉಳಿದರೆ ಕಪ್ಪಿಗೆ ತಿರುಗುತ್ತದೆ. ಮುಟ್ಟಿನ ಆರಂಭ ಮತ್ತು ಕೊನೆಯಲ್ಲಿ ಸ್ರಾವ ಕಡಿಮೆ ಇರುವುದರಿಂದ ರಕ್ತ ಗರ್ಭಕೋಶದಲ್ಲೋ ಯೋನಿಯಲ್ಲೋ ಗಂಟೆಗಟ್ಟಲೆ ನಿಂತು ಹೊರಬರುತ್ತದೆ. ಎರಡನೆಯ ದಿನ ಜೋರಾಗಿ ಹೋಗುವಾಗ ನಿಲ್ಲಲು ಸಮಯವೇ ಸಿಗದೆ ಅಚ್ಚಗೆಂಪಾಗಿರುತ್ತದೆ. ರಾತ್ರಿಯೆಲ್ಲ ಮಲಗಿ ಬೆಳಿಗ್ಗೆ ಎದ್ದಾಗ ಗಾಢ ಕೆಂಪು ಕಾಣುವುದೂ ಇದೇ ಕಾರಣಕ್ಕೆ.

ಹಾಗಾಗಿ ಬಣ್ಣವೊಂದನ್ನೇ ನೋಡಿ ರೋಗ ಹೇಳಲಾಗದು. ಬಣ್ಣಕ್ಕಿಂತ ಗಡ್ಡೆ ಹೆಚ್ಚು ತಿಳಿಸುತ್ತದೆ.

ಕೈ ಕೊಯ್ದುಕೊಂಡರೆ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಮುಟ್ಟಿನ ರಕ್ತ ಬಹುಪಾಲು ನೀರಾಗಿಯೇ ಹರಿಯುತ್ತದೆ. ಕಾರಣ, ಗರ್ಭಕೋಶದ ಒಳಪದರ ಕಳಚುವಾಗ ಅಲ್ಲಿ ಪ್ಲಾಸ್ಮಿನ್ ಎಂಬ ಕಿಣ್ವ ಕೆಲಸ ಮಾಡುತ್ತಿರುತ್ತದೆ. ಕಟ್ಟಿದ ಹೆಪ್ಪನ್ನು ಅದು ಅಲ್ಲೇ ಕರಗಿಸುತ್ತದೆ. ಸ್ರಾವ ಅತಿ ಜೋರಾದರೆ ಕರಗಿಸುವ ವೇಗ ಸಾಲುವುದಿಲ್ಲ. ಕರಗದೆ ಉಳಿದದ್ದು ಗಡ್ಡೆಯಾಗಿ ಜಾರುತ್ತದೆ. ಬೆಳಿಗ್ಗೆ ಎದ್ದು ನಿಂತ ಕೂಡಲೇ ಕಡಲೆಕಾಳಿನಷ್ಟು ಒಂದೆರಡು ಗಡ್ಡೆ ಬೀಳುವುದು ಸಾಮಾನ್ಯ. ಎರಡೂವರೆ ಸೆಂಟಿಮೀಟರ್, ಅಂದರೆ ಸುಮಾರು ಎರಡು ರೂಪಾಯಿ ನಾಣ್ಯದಷ್ಟು ಅಗಲದ ಅಥವಾ ಅದಕ್ಕಿಂತ ದೊಡ್ಡ ಗಡ್ಡೆಗಳು ತಿಂಗಳು ತಿಂಗಳೂ ಬೀಳುತ್ತಿದ್ದರೆ ರಕ್ತ ಮಿತಿಮೀರಿ ಹೋಗುತ್ತಿದೆ ಎಂದೇ ತಿಳಿಯಬೇಕು.

ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್. 80 ದಾಟಿದರೆ ಅತಿಸ್ರಾವ. ಮನೆಯಲ್ಲಿ ಇದನ್ನು ಅಳೆಯಲಾಗದು ಎಂಬುದಕ್ಕೇ ಬ್ರಿಟನ್ನಿನ ವೈದ್ಯರು 1990ರಲ್ಲಿ ಒಂದು ಸರಳ ಅಂಕಪಟ್ಟಿ ಮಾಡಿದರು. ಸ್ವಲ್ಪ ಕಲೆಯಾದ ಪ್ಯಾಡ್‌ಗೆ 1 ಅಂಕ, ಅರ್ಧದಷ್ಟು ನೆನೆದದ್ದಕ್ಕೆ 5, ಪೂರ್ತಿ ತೊಯ್ದದ್ದಕ್ಕೆ 20. ಸಣ್ಣ ಗಡ್ಡೆಗೆ 1, ದೊಡ್ಡದಕ್ಕೆ 5. ಒಟ್ಟು ನೂರು ದಾಟಿದರೆ ರಕ್ತ 80 ಮಿಲಿಲೀಟರ್‌ಗಿಂತ ಹೆಚ್ಚು ಹೋಗಿರುವ ಸಾಧ್ಯತೆ ದೊಡ್ಡದು.

ತುಮಕೂರಿನ ಕಡೆಯ 42 ವರ್ಷದ ಶಿಕ್ಷಕಿಯೊಬ್ಬರು ಈ ಲೆಕ್ಕ ಹಾಕಿದರು ಎಂದುಕೊಳ್ಳಿ. ಮೊದಲ ದಿನ ಅರ್ಧ ನೆನೆದ ಎರಡು ಪ್ಯಾಡ್: 10. ಎರಡನೆಯ ದಿನ ಪೂರ್ತಿ ತೊಯ್ದವು ನಾಲ್ಕು, ದೊಡ್ಡ ಗಡ್ಡೆ ಎರಡು: 90. ಮೂರನೆಯ ದಿನ ಪೂರ್ತಿ ತೊಯ್ದವು ಎರಡು, ಅರ್ಧ ನೆನೆದವು ಎರಡು, ದೊಡ್ಡ ಗಡ್ಡೆ ಒಂದು: 55. ನಾಲ್ಕನೆಯ ದಿನ ಅರ್ಧ ನೆನೆದವು ಮೂರು: 15. ಆಮೇಲಿನ ಎರಡು ದಿನ ಬರೀ ಕಂದು ಕಲೆ: 4. ಒಟ್ಟು 174. ಈಗಿನ ಜೆಲ್ ಪ್ಯಾಡ್‌ಗಳು ಹೆಚ್ಚು ಹೀರುವುದರಿಂದ ಈ ಲೆಕ್ಕ ಕರಾರುವಾಕ್ಕಲ್ಲ. ಆದರೆ ‘ತುಂಬಾ ಹೋಗುತ್ತೆ ಡಾಕ್ಟ್ರೇ’ ಎನ್ನುವುದಕ್ಕಿಂತ ಈ ಚೀಟಿ ವೈದ್ಯರಿಗೆ ಎಷ್ಟೋ ಪಾಲು ಉಪಯುಕ್ತ.

ಇಂಥವರಲ್ಲಿ ವೈದ್ಯರು ಮೊದಲು ಗರ್ಭ ನಿಂತಿಲ್ಲವೆಂದು ಖಚಿತಪಡಿಸಿಕೊಂಡು ಹಿಮೋಗ್ಲೋಬಿನ್, ಅಗತ್ಯವಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಾರೆ. ಆಮೇಲೆ ಸ್ಕ್ಯಾನಿಂಗ್. ಗರ್ಭಕೋಶದ ಒಳಗೋಡೆಯತ್ತ ಉಬ್ಬಿದ ಫೈಬ್ರಾಯ್ಡ್ ಗಂಟು, ಒಳಪದರ ಸ್ನಾಯುವಿನೊಳಗೇ ಬೆಳೆಯುವ ಅಡಿನೊಮಯೋಸಿಸ್, ಸಣ್ಣ ಪಾಲಿಪ್, ಇವು ಈ ವಯಸ್ಸಿನಲ್ಲಿ ಹೆಚ್ಚಾಗಿ ಸಿಗುವ ಕಾರಣಗಳು. ನಲವತ್ತು ದಾಟಿದವರಲ್ಲಿ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುವುದೂ ಉಂಟು. ಹದಿಹರೆಯದ ಹುಡುಗಿಗೆ ಮೊದಲ ಮುಟ್ಟಿನಿಂದಲೇ ಗಡ್ಡೆ ಹೋಗುತ್ತಿದ್ದರೆ ಪ್ರಶ್ನೆಗಳೇ ಬೇರೆ: ಮೂಗಿನಲ್ಲಿ ಆಗಾಗ ರಕ್ತ ಬರುತ್ತದೆಯೇ, ಹಲ್ಲು ಕಿತ್ತಾಗ ರಕ್ತ ನಿಲ್ಲಲು ತಡವಾಯಿತೇ? ಹೌದಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯಲ್ಲೇ ಹುಟ್ಟಿನಿಂದ ಬಂದ ಕೊರತೆಯಿರಬಹುದು. ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಅವುಗಳಲ್ಲಿ ಮುಖ್ಯವಾದದ್ದು.

ಚಿಕಿತ್ಸೆಯಲ್ಲಿ ಮತ್ತೆ ಪ್ಲಾಸ್ಮಿನ್ ಬರುತ್ತದೆ. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ 1960ರ ದಶಕದ ಆರಂಭದಲ್ಲಿ ಕಂಡುಹಿಡಿದ ಟ್ರಾನೆಕ್ಸಾಮಿಕ್ ಆಸಿಡ್, ಹೆಪ್ಪು ಬೇಗ ಕರಗದಂತೆ ತಡೆದು ಸ್ರಾವವನ್ನು ತಗ್ಗಿಸುತ್ತದೆ. ಸ್ರಾವ ಜೋರಿರುವ ದಿನಗಳಲ್ಲಷ್ಟೇ ಇದನ್ನು ನುಂಗಬೇಕು. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು ತೆಗೆದುಕೊಳ್ಳಬಾರದು. ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ಸಾಧನವೂ ವರ್ಷಗಟ್ಟಲೆ ಸ್ರಾವವನ್ನು ಕಡಿಮೆ ಮಾಡುತ್ತದೆ. ಇಷ್ಟೆಲ್ಲ ದಾರಿಗಳಿರುವಾಗ ‘ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆಯೇ ಮೊದಲು ಬಂದರೆ ಇನ್ನೊಬ್ಬ ವೈದ್ಯರನ್ನು ಕಾಣಬೇಕು. ಕಲಬುರಗಿ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ದೂರುಗಳು ಬಂದು ಹೋರಾಟವೇ ನಡೆದದ್ದನ್ನು ಮರೆಯುವಂತಿಲ್ಲ.

ರಕ್ತ ಹೀಗೆ ತಿಂಗಳು ತಿಂಗಳೂ ಸೋರಿದರೆ ಕಬ್ಬಿಣದಂಶವೂ ಅದರೊಡನೆ ಹೋಗುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದಕ್ಕೆ ಊಟದ ಕೊರತೆಯೊಂದೇ ಕಾರಣವಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ತಲೆಸುತ್ತು ಇರುವವರು ತಮ್ಮ ಮುಟ್ಟಿನ ಪ್ರಮಾಣವನ್ನೂ ವೈದ್ಯರ ಮುಂದಿಡಬೇಕು.

ಕಂದು ಕಲೆಗೆ ಅರ್ಥ ಬರುವುದು ಅದು ಯಾವಾಗ ಬಂತು ಎಂಬುದರಿಂದ. ಎರಡು ಮುಟ್ಟುಗಳ ನಡುವೆ ಅಂಡ ಬಿಡುಗಡೆಯ ಹೊತ್ತಿಗೆ, ಇಲ್ಲವೇ ಗರ್ಭನಿರೋಧಕ ಮಾತ್ರೆ ಶುರುಮಾಡಿದ ಮೊದಲ ಮೂರು ತಿಂಗಳಲ್ಲಿ ಒಂದಿಷ್ಟು ಕಂಡರೆ ಗಾಬರಿ ಬೇಡ. ಮುಟ್ಟು ತಪ್ಪಿದ ಮೇಲೆ ಕಂದು ಸ್ರಾವ ಬಂದು ಕಿಬ್ಬೊಟ್ಟೆಯ ಒಂದು ಬದಿ ನೋಯುತ್ತಿದ್ದರೆ ಗರ್ಭ ನಳಿಕೆಯಲ್ಲಿ ನಿಂತಿರಬಹುದು. ಅದು ಒಡೆದರೆ ಪ್ರಾಣಕ್ಕೇ ಕುತ್ತು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಸಂಭೋಗದ ನಂತರ ಪದೇ ಪದೇ ರಕ್ತ ಕಂಡರೆ ಗರ್ಭಕೊರಳಿನ ಪರೀಕ್ಷೆ ಆಗಲೇಬೇಕು.

ಬೂದು ಬಣ್ಣ ಮಾತ್ರ ಮುಟ್ಟಿನ ಸಹಜ ಬಣ್ಣಗಳಲ್ಲಿ ಸೇರಿದ್ದಲ್ಲ. ತೆಳ್ಳಗೆ, ಬೂದು ಬಿಳುಪಾಗಿ, ಮೀನಿನ ವಾಸನೆಯ ಸ್ರಾವವಿದ್ದರೆ ಯೋನಿಯ ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ ಬೇರೆಯವು ಹೆಚ್ಚಿರುವ ಬ್ಯಾಕ್ಟೀರಿಯಲ್ ವಜಿನೋಸಿಸ್ ಇರಬಹುದು. ಸಂಭೋಗದ ನಂತರ ಆ ವಾಸನೆ ಇನ್ನೂ ಎದ್ದುಕಾಣುತ್ತದೆ. ಸಾಮಾನ್ಯವಾಗಿ ಒಂದು ವಾರದ ಮೆಟ್ರೊನಿಡಜೋಲ್ ಮಾತ್ರೆಯಿಂದ ಗುಣವಾಗುತ್ತದೆ. ವಾಸನೆ ಹೋಗಲೆಂದು ಒಳಗೆಲ್ಲ ಸೋಪು ಹಾಕಿ ತೊಳೆದರೆ ಉಳಿದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೋಗಿ ತೊಂದರೆ ಹೆಚ್ಚುತ್ತದೆ. ಗರ್ಭಿಣಿಗೆ ರಕ್ತದೊಡನೆ ಬೂದು ಮಾಂಸದ ಚೂರು ಬಿದ್ದರೆ ಗರ್ಭಪಾತವಾಗುತ್ತಿರಬಹುದು. ಅದನ್ನು ಶುಚಿಯಾದ ಡಬ್ಬಿಯಲ್ಲಿಟ್ಟು ಕೂಡಲೇ ಆಸ್ಪತ್ರೆಗೆ ಒಯ್ಯುವುದು ಒಳ್ಳೆಯದು.

ಇನ್ನು ಮುಟ್ಟು ನಿಂತು ವರ್ಷ ಕಳೆದ ತಾಯಂದಿರು, ಅತ್ತೆಯಂದಿರು. ಅವರಿಗೆ ಒಂದೇ ಒಂದು ಕಂದು ಕಲೆ ಕಂಡರೂ ಅದು ಸಹಜವಲ್ಲ. ಹೆಚ್ಚಿನವರಲ್ಲಿ ಒಳಪದರ ತೆಳುವಾದದ್ದೇ ಕಾರಣವಾದರೂ ಕೆಲವರಲ್ಲಿ ಅದು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಸೂಚನೆ. ಬೇಗ ಸಿಕ್ಕರೆ ಗುಣವಾಗುವ ಕ್ಯಾನ್ಸರ್ ಅದು. ಈ ವಯಸ್ಸಿನಲ್ಲಿ ಇದನ್ನು ಹೇಳಿಕೊಳ್ಳಲು ಅವರು ನಾಚುತ್ತಾರೆ. ಮನೆಯ ಹೆಣ್ಣುಮಕ್ಕಳೇ ಕೇಳಿ ತಿಳಿದು, ಆ ವಾರದಲ್ಲೇ ಸ್ಕ್ಯಾನಿಂಗ್ ಮಾಡಿಸಿ.