ಆರೂ ಮುಕ್ಕಾಲಿನ ಮೊದಲ ಶಾಟ್‌ಗೆ ಹಿಂದಿನ ಸಂಜೆಯ ಲೆಕ್ಕ

ನಾಯಕನಟರು ಇಂತಿಷ್ಟು ದಿನದ ಕಾಲ್‌ಶೀಟ್ ಕೊಟ್ಟಿದ್ದಾರೆ ಎಂದು ಸಿನಿಮಾ ಪುಟಗಳಲ್ಲಿ ಓದಿರುತ್ತೀರಿ. ಅದು ನಟರು ಒಪ್ಪಿಕೊಂಡ ದಿನಗಳ ಲೆಕ್ಕ. ಇಲ್ಲಿ ಹೇಳಹೊರಟಿರುವುದು ಸೆಟ್ಟಿನಲ್ಲಿ ದಿನವೂ ಓಡಾಡುವ ಇನ್ನೊಂದು ಕಾಲ್‌ಶೀಟ್ ಬಗ್ಗೆ. ನಾಳೆ ಯಾರು, ಎಷ್ಟು ಹೊತ್ತಿಗೆ, ಎಲ್ಲಿಗೆ, ಏನೇನು ತೆಗೆದುಕೊಂಡು ಬರಬೇಕು ಎಂಬುದೆಲ್ಲ ಒಂದೆರಡು ಪುಟದಲ್ಲಿ ಇರುವ ಹಾಳೆ ಅದು. ಯಾವ ದಿನ ಏನನ್ನು ಚಿತ್ರೀಕರಿಸಬೇಕೆಂದು ಯೋಜಿಸುವವರು ಸಹಾಯಕ ನಿರ್ದೇಶಕರು. ಅದನ್ನು ಕೂತು ಹಾಳೆಗಿಳಿಸಿ, ಎಲ್ಲರಿಗೂ ಮುಟ್ಟಿಸುವ ಕೆಲಸ ಸಣ್ಣ ಯೂನಿಟ್‌ಗಳಲ್ಲಿ ಹೆಚ್ಚಾಗಿ ಪ್ರೊಡಕ್ಷನ್ ಅಸಿಸ್ಟೆಂಟ್ ಪಾಲಿಗೆ ಬರುತ್ತದೆ.

ಡಿಸೆಂಬರಿನ ಒಂದು ದಿನ ಮೇಲುಕೋಟೆಯಲ್ಲಿ ಚಿತ್ರೀಕರಣ ಎಂದಿಟ್ಟುಕೊಳ್ಳೋಣ. ಯೂನಿಟ್ ಉಳಿದುಕೊಂಡಿರುವುದು ಮಂಡ್ಯದ ಲಾಡ್ಜಿನಲ್ಲಿ. ನಾಳೆ ಮೂರು ದೃಶ್ಯಗಳಿವೆ: ಬೆಳಗಿನ ಎಳೆ ಬಿಸಿಲಲ್ಲಿ ಕಲ್ಯಾಣಿಯ ಮೆಟ್ಟಿಲ ಮೇಲೆ ನಾಯಕಿ ಮತ್ತು ತಾಯಿ, ಆಮೇಲೆ ಅಲ್ಲೇ ನಾಯಕ ಹಾಗೂ ಊರಿನ ಜನ, ಮಧ್ಯಾಹ್ನದ ಮೇಲೆ ಒಂದು ಹಳೆಯ ಮನೆಯೊಳಗೆ ಮೂವರೂ.

ಹಾಳೆಯ ತಲೆಭಾಗದಲ್ಲಿ ಚಿತ್ರದ ಹೆಸರು, ತಾರೀಖು, ಒಟ್ಟು ದಿನಗಳಲ್ಲಿ ಇದು ಎಷ್ಟನೆಯದು, ಯೂನಿಟ್ ಬಂದು ಸೇರಬೇಕಾದ ಸಮಯ, ಜಾಗದ ವಿಳಾಸ, ಮ್ಯಾಪ್ ಲಿಂಕು, ಗಾಡಿ ನಿಲ್ಲಿಸುವ ಸ್ಥಳ ಇರುತ್ತವೆ. ಸೂರ್ಯೋದಯ, ಸೂರ್ಯಾಸ್ತ, ಹವಾಮಾನದ ಮುನ್ಸೂಚನೆಯೂ ಅಲ್ಲೇ. ಡಿಸೆಂಬರಿನಲ್ಲಿ ಅಲ್ಲಿ ಹೊತ್ತು ಮೂಡುವುದು ಸುಮಾರು ಆರೂವರೆಗೆ, ಮುಳುಗುವುದು ಆರರ ಆಸುಪಾಸಿಗೆ. ಹತ್ತಿರದ ಆಸ್ಪತ್ರೆಯ ಹೆಸರು ಮತ್ತು ಫೋನ್ ನಂಬರಿಗೆ ಒಂದು ಕಡ್ಡಾಯದ ಸಾಲಿದೆ. ಇಲ್ಲಿ ಪಾಂಡವಪುರದ ತಾಲೂಕು ಆಸ್ಪತ್ರೆ, ದೊಡ್ಡ ತೊಂದರೆಗೆ ಮಂಡ್ಯದ ಮಿಮ್ಸ್. ಹಾಳೆಗೆ ಬರೆಯುವ ಮುಂಚೆ ಆ ನಂಬರಿಗೆ ಒಮ್ಮೆ ಫೋನ್ ಮಾಡಿ ನೋಡಬೇಕು.

ಅದರ ಕೆಳಗೆ ದೃಶ್ಯಗಳ ಪಟ್ಟಿ. ದೃಶ್ಯದ ಸಂಖ್ಯೆ, ಒಳಾಂಗಣವೋ ಹೊರಾಂಗಣವೋ, ಹಗಲೋ ರಾತ್ರಿಯೋ, ಒಂದೇ ಸಾಲಿನ ಸಾರಾಂಶ, ಪಾತ್ರಗಳು, ಉದ್ದ. ಉದ್ದವನ್ನು ಚಿತ್ರಕಥೆಯ ಪುಟವನ್ನು ಎಂಟು ಭಾಗ ಮಾಡಿ ಅಳೆಯುತ್ತಾರೆ. ನಮ್ಮ ಮೂರು ದೃಶ್ಯಗಳು ಕ್ರಮವಾಗಿ 1 4/8, 1 1/8 ಮತ್ತು 2 2/8 ಪುಟ. ಒಟ್ಟು 4 7/8. ಸುಮಾರು ಐದು ಪುಟ ಎಂದರೆ ಒಂದು ದಿನಕ್ಕೆ ಕೈತುಂಬ ಕೆಲಸ. ಈ ಅಂಕಿ ನೋಡಿದ ಕೂಡಲೇ ಕ್ಯಾಮೆರಾ, ಲೈಟಿನವರಿಗೆ ನಾಳೆ ಎಷ್ಟು ಚುರುಕಾಗಿ ಓಡಬೇಕು ಎಂಬುದು ಗೊತ್ತಾಗುತ್ತದೆ.

ಇನ್ನು ನಟರ ಪಟ್ಟಿ. ಅಸಿಸ್ಟೆಂಟ್ ತಲೆ ಓಡಿಸಬೇಕಾದದ್ದು ಇಲ್ಲಿ. ಪ್ರತಿ ನಟರ ಎದುರಿಗೆ ಗಾಡಿ ಹತ್ತುವ ಸಮಯ, ಮೇಕಪ್‌ಗೆ ಕೂರುವ ಸಮಯ, ಸೆಟ್ಟಿಗೆ ಬರುವ ಸಮಯ ಎಂದು ಮೂರು ಕಾಲಂ. ತುಂಬುವುದು ಮಾತ್ರ ಹಿಂದಿನಿಂದ ಮುಂದಕ್ಕೆ. ಮೊದಲ ಶಾಟ್ 6:45ಕ್ಕೆ. ನಾಯಕಿ 6:30ಕ್ಕೆ ಸೆಟ್ಟಿನಲ್ಲಿರಬೇಕು. ಸೀರೆ ಉಡಲು ಕಾಲು ಗಂಟೆ, ಮೇಕಪ್ ಮತ್ತು ಕೂದಲಿಗೆ ಒಂದೂಕಾಲು ಗಂಟೆ. ಅಂದರೆ 5:00ಕ್ಕೆ ಕುರ್ಚಿಯಲ್ಲಿರಬೇಕು. ಕತ್ತಲಲ್ಲಿ ಮಂಡ್ಯದಿಂದ ಮೇಲುಕೋಟೆಗೆ ಒಂದು ಗಂಟೆ ಐದು ನಿಮಿಷ ಹಿಡಿದರೆ, ಗಾಡಿ ಬಿಡಬೇಕಾದದ್ದು 3:55ಕ್ಕೆ.

ತಾಯಿ ಪಾತ್ರದವರಿಗೆ ಅರ್ಧ ಗಂಟೆಯ ಮೇಕಪ್ ಸಾಕು. ಆದರೆ ಅವರೂ 6:30ಕ್ಕೆ ಸಿದ್ಧರಿರಬೇಕು. ಮೇಕಪ್ ಮಾಡುವವರು ಒಬ್ಬರೇ ಆದರೆ, ನಾಯಕಿಗಿಂತ ಮೊದಲು ಇವರನ್ನು 4:30ಕ್ಕೇ ಕೂರಿಸಬೇಕಾಗುತ್ತದೆ. ಹಾಗೆ ಮಾಡಿದರೆ ಯೂನಿಟ್‌ನಲ್ಲೇ ಹಿರಿಯರಾದವರು ಮೂರೂವರೆಗೆ ಮುಂಚೆಯೇ ಲಾಡ್ಜಿನ ಬಾಗಿಲಲ್ಲಿ ನಿಂತಿರಬೇಕು. ಬಾಯಲ್ಲಿ ಮಾತಾಡಿಕೊಳ್ಳುವಾಗ ಈ ತೊಡಕು ಯಾರ ಗಮನಕ್ಕೂ ಬರುವುದಿಲ್ಲ, ಕಾಲಂ ತುಂಬುವಾಗಲೇ ಎದ್ದು ಕಾಣುತ್ತದೆ. ಸಂಜೆಯೇ ಕಂಡರೆ ಪರಿಹಾರ ಸುಲಭ: ಮೇಕಪ್ ಸಹಾಯಕರನ್ನೂ ಬೆಳಗ್ಗೆ ಕರೆಸಿ, ತಾಯಿ ಪಾತ್ರದವರನ್ನು 5:40ಕ್ಕೆ ಅವರ ಕುರ್ಚಿಯಲ್ಲಿ ಕೂರಿಸುವುದು. ಅವರ ಗಾಡಿ 4:35ಕ್ಕೆ ಹೊರಟರೆ ಸಾಕು. ಬೆಳಗ್ಗೆ ಐದಕ್ಕೆ ಗೊತ್ತಾದರೆ ಪರಿಹಾರವೇ ಇಲ್ಲ, ಎಳೆ ಬಿಸಿಲು ಕೈಬಿಟ್ಟು ಹೋಗುತ್ತದೆ.

ನಾಯಕನಿಗೆ ಮೊದಲ ದೃಶ್ಯದಲ್ಲಿ ಕೆಲಸವಿಲ್ಲ. 6:30ಕ್ಕೆ ಗಾಡಿ, 7:30ಕ್ಕೆ ಮೇಕಪ್, 8:30ಕ್ಕೆ ಸೆಟ್ಟು. ಊರಿನ ಜನರಾಗಿ ನಿಲ್ಲುವ 25 ಜೂನಿಯರ್ ಆರ್ಟಿಸ್ಟ್‌ಗಳು 7:30ಕ್ಕೆ ಬಂದರೆ ಸಾಕು. ಅವರ ಸಂಖ್ಯೆ ಅಡುಗೆಯವರಿಗೂ ತಲುಪಬೇಕು. ಯೂನಿಟ್ 60 ಜನ ಇದ್ದರೆ ತಿಂಡಿ 85 ಪ್ಲೇಟು. ನಾಳೆ ಬೆಳಗಿನ ಬೆಳಕನ್ನು ಹಿಡಿಯಬೇಕಾದ್ದರಿಂದ ಮೊದಲು ಕಾಫಿ, ಟೀ ಅಷ್ಟೇ, ತಿಂಡಿ 8:00ಕ್ಕೆ. ಇದನ್ನು ಸ್ಪಷ್ಟವಾಗಿ ಬರೆಯದಿದ್ದರೆ ಲೈಟ್ ಬಾಯ್‌ಗಳು ಆರು ಗಂಟೆಗೇ ಇಡ್ಲಿ ಹುಡುಕಿಕೊಂಡು ಹೋಗುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಕೊನೆಯ ಭಾಗ ವಿಭಾಗವಾರು ಸೂಚನೆಗಳು. ಕಲಾ ವಿಭಾಗಕ್ಕೆ ಹಿತ್ತಾಳೆ ಕೊಡ, ವಸ್ತ್ರ ವಿಭಾಗಕ್ಕೆ ನೀರಿನಲ್ಲಿ ನೆನೆಯುವ ಸೀರೆಯ ಇನ್ನೊಂದು ಜೊತೆ, ಮನೆಯೊಳಗಿನ ದೃಶ್ಯಕ್ಕೆ ಜನರೇಟರ್ ಎಲ್ಲಿ ನಿಲ್ಲಬೇಕು, ಅನುಮತಿ ಪತ್ರದ ಪ್ರತಿ ಯಾರ ಬಳಿ ಇರಬೇಕು ಎಂಬಂಥವು. ‘ಎಲ್ಲರೂ ಸಹಕರಿಸಿ’ ಎಂಬಂಥ ಸಾಲುಗಳಿಗೆ ಇಲ್ಲಿ ಜಾಗವಿಲ್ಲ. ಕೆಲಸವಾಗಬೇಕಾದರೆ ಆ ಸಾಲಿಗೆ ಒಬ್ಬರ ಹೆಸರೋ ವಿಭಾಗವೋ ಅಂಟಿಕೊಂಡಿರಬೇಕು.

ಇದನ್ನೆಲ್ಲ ಯಾವಾಗ ಮಾಡುವುದು? ಕರಡು ಮಧ್ಯಾಹ್ನದ ಊಟದ ಹೊತ್ತಿಗೇ ಶುರುವಾಗುತ್ತದೆ, ಅಂತಿಮ ಪ್ರತಿ ಮಾತ್ರ ಪ್ಯಾಕಪ್‌ವರೆಗೆ ಕಾಯಬೇಕು. ಇವತ್ತಿನ ದೃಶ್ಯವೊಂದು ಮುಗಿಯದೆ ಉಳಿದರೆ ಅದು ನಾಳೆಯ ಪಟ್ಟಿಗೆ ಬರುತ್ತದೆ. ಪ್ಯಾಕಪ್ ರಾತ್ರಿ ಹತ್ತಕ್ಕೆ ಆದರೆ, ಅದೇ ಜನರನ್ನು ನಸುಕಿಗೆ ಎಬ್ಬಿಸುವುದು ಸರಿಯಲ್ಲ, ಸಮಯವನ್ನೇ ಮುಂದಕ್ಕೆ ಹಾಕಬೇಕೆಂದು ಅಸಿಸ್ಟೆಂಟ್ ನೆನಪಿಸಬೇಕು. ಸಹಾಯಕ ನಿರ್ದೇಶಕರು ಮತ್ತು ಪ್ರೊಡಕ್ಷನ್ ಮ್ಯಾನೇಜರ್ ಒಪ್ಪಿದ ಮೇಲೆಯೇ ಹಾಳೆ ಹೊರಗೆ ಹೋಗುತ್ತದೆ.

ಹೆಚ್ಚಿನ ತಪ್ಪುಗಳ ಮೂಲ ಒಂದೇ: ನೆನ್ನೆಯ ಫೈಲನ್ನೇ ತೆರೆದು ತಿದ್ದುವುದು. ತಾರೀಖು ಬದಲಾಗಿರುತ್ತದೆ, ಮ್ಯಾಪ್ ಲಿಂಕು ಹಳೆಯದೇ ಉಳಿದಿರುತ್ತದೆ. ಹಾಗಾದರೆ ಜನರೇಟರ್ ಗಾಡಿ ನೆನ್ನೆಯ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಕಳಿಸುವ ಮುಂಚೆ ಪ್ರತಿ ಲಿಂಕನ್ನೂ ಒತ್ತಿ ನೋಡುವುದು, ಪ್ರತಿ ಸಮಯವನ್ನೂ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸುವುದು ಇದಕ್ಕೆ ಮದ್ದು. ಕಳಿಸಿದ ಮೇಲೆ ಏನಾದರೂ ಬದಲಾದರೆ, ಹೊಸ ಹಾಳೆಯ ತಲೆಯ ಮೇಲೆ ‘ಪರಿಷ್ಕೃತ 2’ ಎಂದು ಸಮಯದ ಸಮೇತ ಬರೆದು, ಬದಲಾದ ಸಾಲಿಗೆ ಬಣ್ಣ ಹಾಕಬೇಕು. ಇಲ್ಲವಾದರೆ ಅರ್ಧ ಯೂನಿಟ್ ಹಳೆಯದನ್ನೇ ಹಿಡಿದುಕೊಂಡಿರುತ್ತದೆ.

ವಾಟ್ಸಾಪಿನಲ್ಲಿ ನೀಲಿ ಗುರುತು ಬಂದರೆ ಮೆಸೇಜು ತೆರೆದಿದ್ದಾರೆ ಎಂದಷ್ಟೇ ಅರ್ಥ. ನಟರು, ಡ್ರೈವರುಗಳು, ಜೂನಿಯರ್ ಆರ್ಟಿಸ್ಟ್‌ಗಳನ್ನು ಕರೆತರುವ ಏಜೆಂಟು, ಅಡುಗೆಯವರು, ಇಷ್ಟು ಜನಕ್ಕೆ ಫೋನ್ ಮಾಡಿ, ಸಮಯವನ್ನು ಅವರ ಬಾಯಿಂದಲೇ ಹೇಳಿಸಿಕೊಳ್ಳಬೇಕು. ಮೊದಲು ಏಳುವ ಡ್ರೈವರಿಗೆ ಕೊನೆಗೆ ಫೋನ್ ಮಾಡಬೇಡಿ. 3:55ಕ್ಕೆ ಗಾಡಿ ತರಬೇಕಾದವರು ಒಂಬತ್ತಕ್ಕಾದರೂ ಮಲಗಿರಬೇಕು.