ಹೆಡ್‌ಫೋನ್‌ನಲ್ಲಿ ನಿಮ್ಮ ದನಿ ತಡವಾಗಿ ಕೇಳಿಸುತ್ತಿದೆಯೇ? ತಪ್ಪು ಮೈಕ್‌ನದ್ದಲ್ಲ, ನೆಟ್‌ನದ್ದೂ ಅಲ್ಲ

‘ಹಾಡು ರೆಕಾರ್ಡ್ ಮಾಡುವಾಗ ದನಿ ತಡವಾಗಿ ಕೇಳಿದರೆ ನಿಮ್ಮ ಇಂಟರ್ನೆಟ್ ನಿಧಾನವಿದೆ, ಇಲ್ಲವೇ ಒಳ್ಳೆಯ ಮೈಕ್ ಕೊಳ್ಳಬೇಕು’ ಎಂಬ ಸಂದೇಶ ಹಾಸನ ಕಡೆಯ ಹಾಡುಗಾರರ ವಾಟ್ಸಾಪ್ ಗುಂಪೊಂದರಲ್ಲಿ ಹರಿದಾಡಿತು. ಚನ್ನರಾಯಪಟ್ಟಣದಲ್ಲಿರುವ ನಮ್ಮ ಚಿಕ್ಕಮ್ಮನ ಮಗ ಅದನ್ನು ನನಗೆ ಕಳಿಸಿ, “ಅಕ್ಕ, ಇದು ನಿಜಾನಾ? ಪಲ್ಲವಿ ಮುಗಿಯೋಷ್ಟರಲ್ಲಿ ನನ್ನ ತಾಳ ಎಳೆದುಹೋಗಿರುತ್ತೆ” ಎಂದ.

ನಿಜವಲ್ಲ. ವೈಫೈ ಆಫ್ ಮಾಡಿ ಹಾಡಿ ನೋಡಿ, ತಡ ಹಾಗೆಯೇ ಇರುತ್ತದೆ.

ಆಗುವುದಿಷ್ಟು. ನಿಮ್ಮ ದನಿ ಮೈಕ್‌ನಿಂದ ಆಡಿಯೊ ಇಂಟರ್‌ಫೇಸ್‌ಗೆ, ಅಲ್ಲಿಂದ ಕಂಪ್ಯೂಟರ್‌ಗೆ ಹೋಗಿ, ರೆಕಾರ್ಡಿಂಗ್ ಸಾಫ್ಟ್‌ವೇರ್ ಹೊಕ್ಕು ಹೆಡ್‌ಫೋನ್‌ಗೆ ವಾಪಸ್ ಬರಬೇಕು. ಕಂಪ್ಯೂಟರ್ ದನಿಯನ್ನು ಹನಿಹನಿಯಾಗಿ ಕಳಿಸುವುದಿಲ್ಲ. ಕೊಡ ತುಂಬಿದ ಮೇಲೆ ಎತ್ತುತ್ತದೆ. ಆ ಕೊಡವೇ ಬಫರ್. ಹೋಗುವಾಗ ಒಂದು ಕೊಡ, ಬರುವಾಗ ಇನ್ನೊಂದು.

ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಬಫರ್ 1024 ಇತ್ತು. ಸೆಕೆಂಡಿಗೆ 48,000 ಸ್ಯಾಂಪಲ್‌ನಂತೆ ಒಂದು ಕೊಡ ತುಂಬಲು 21 ಮಿಲಿಸೆಕೆಂಡ್ ಬೇಕು, ಎರಡಕ್ಕೆ ಸುಮಾರು 43. ಗಾಳಿಯಲ್ಲಿ ಶಬ್ದ ಇಷ್ಟು ಹೊತ್ತಿನಲ್ಲಿ 14 ಮೀಟರ್‌ಗೂ ಹೆಚ್ಚು ದೂರ ಸಾಗುತ್ತದೆ. ಕಲ್ಯಾಣ ಮಂಟಪದ ಆ ತುದಿಯ ಸ್ಪೀಕರ್‌ನಲ್ಲಿ ತನ್ನದೇ ದನಿ ಕೇಳುತ್ತಾ ಈ ತುದಿಯಲ್ಲಿ ಹಾಡಿದಂತೆ!

ಅವನು ಬಳಸುವುದು ರೀಪರ್. ಅದರಲ್ಲಿ `Options > Preferences > Audio > Device` ತೆರೆದು, `Audio system` ಎಂಬಲ್ಲಿ `ASIO` ಆರಿಸಿ, ಇಂಟರ್‌ಫೇಸ್‌ನ ಸ್ವಂತ ಡ್ರೈವರ್ ಹಾಕಿಸಿದೆ. `ASIO Configuration` ಒತ್ತಿ ಬಫರನ್ನು 128ಕ್ಕೆ ಇಳಿಸಿದೆವು. ಎರಡೂ ಕೊಡ ಸೇರಿ ಈಗ 5 ಮಿಲಿಸೆಕೆಂಡ್ ಚಿಲ್ಲರೆ. ಇಂಟರ್‌ಫೇಸ್ ತಾನೇ ತೆಗೆದುಕೊಳ್ಳುವ ಸಮಯ ಇದಕ್ಕೆ ಕೂಡುತ್ತದೆ, ಆದರೂ ಹಾಡಲು ತೊಂದರೆಯಾಗಲಿಲ್ಲ.

ಕೊಡ ಚಿಕ್ಕದಾದಷ್ಟೂ ಕಂಪ್ಯೂಟರ್ ಹೆಚ್ಚು ಸಲ ಎತ್ತಬೇಕು. ಸುಸ್ತಾದರೆ ಹೆಡ್‌ಫೋನ್‌ನಲ್ಲಿ ಚಟಪಟ ಸದ್ದು ಬರುತ್ತದೆ. ಆಗ 256ಕ್ಕೆ ಏರಿಸಿ. ಮಿಕ್ಸಿಂಗ್ ಮಾಡುವಾಗ 1024 ಇದ್ದರೂ ನಷ್ಟವಿಲ್ಲ.

ಬಫರ್ ಇಳಿಸಿದರೂ ತಡ ಹೋಗದಿದ್ದರೆ ಮಾಸ್ಟರ್ ಟ್ರ್ಯಾಕ್ ನೋಡಿ. ಅಲ್ಲಿ ಕೂರಿಸಿದ ಲಿಮಿಟರ್‌ನಂಥ ಕೆಲವು ಪ್ಲಗಿನ್‌ಗಳು ಮುಂದಿನ ಸದ್ದನ್ನು ಮೊದಲೇ ನೋಡಲೆಂದು ಎಲ್ಲವನ್ನೂ ತಡೆದು ಹಿಡಿಯುತ್ತವೆ. ಹಾಡುವಾಗ ಅವನ್ನು ಆಫ್ ಮಾಡಿ. ಬ್ಲೂಟೂತ್ ಹೆಡ್‌ಫೋನ್ ಆದರಂತೂ ಯಾವ ಸೆಟ್ಟಿಂಗೂ ಕಾಯುವುದಿಲ್ಲ. ಅದೊಂದೇ ಸಾಮಾನ್ಯವಾಗಿ 100 ಮಿಲಿಸೆಕೆಂಡ್‌ಗೂ ಹೆಚ್ಚು ತಿನ್ನುತ್ತದೆ. ವೈರ್ ಇರುವುದೇ ಬೇಕು.

ಕಂಪ್ಯೂಟರ್ ತೀರಾ ಹಳೆಯದೇ? ಇಂಟರ್‌ಫೇಸ್ ಮೇಲೆ `Direct` ಎಂಬ ಗುಂಡಿ ಇದ್ದರೆ ಒತ್ತಿ. ದನಿ ಕಂಪ್ಯೂಟರ್‌ಗೆ ಹೋಗುವ ಮೊದಲೇ ನೇರ ನಿಮ್ಮ ಕಿವಿಗೆ ಬರುತ್ತದೆ, ರಿವರ್ಬ್ ಮಾತ್ರ ಸಿಗದು. ಆಗ ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕ್‌ನ ಮಾನಿಟರಿಂಗ್ ಆಫ್ ಮಾಡುವುದನ್ನು ಮರೆಯಬೇಡಿ, ಇಲ್ಲವಾದರೆ ಒಂದೇ ದನಿ ಎರಡು ಸಲ ಕೇಳುತ್ತದೆ. ತಮ್ಮ ಮರೆತಿದ್ದ. “ಅಕ್ಕ, ಈಗ ಇಬ್ಬರು ಹಾಡ್ತಿದ್ದಾರೆ” ಎಂದು ಅವನಿಂದ ಮತ್ತೆ ಫೋನ್ ಬಂತು.